ನಲವತ್ತೊಂಬತ್ತಾಗಲಿ ಅಂದರು

‘ಕಾಯೋಣ’ ಅನ್ನುವ ಮಾತು ನನಗೆ ಈಗಲೂ ಸೇರುವುದಿಲ್ಲ. ಬಸ್ಸಿಗೆ ಕಾಯುತ್ತೇನೆ, ಅನ್ನ ಇಂಗುವುದಕ್ಕೆ ಕಾಯುತ್ತೇನೆ, ಅದಕ್ಕೇನೂ ಬೇಜಾರಿಲ್ಲ. ಆದರೆ ನಮ್ಮೆಜಮಾನರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, “ಕಾಯೋಣ ಕಣೇ” ಅನ್ನುತ್ತಾರಲ್ಲ, ಅದು ಬೇರೆ. ಆ ಮಾತಿನಲ್ಲಿ ನನ್ನ ಅಂಗಡಿ ಹೋಯಿತು.

ನಾನು ಅರವತ್ತರ ದಶಕದಲ್ಲಿ ಇಟ್ಟಮಡುವಿನಲ್ಲಿ ಹುಟ್ಟಿದವಳು. ಆಗ ಅದು ಬಡಾವಣೆಯಲ್ಲ, ಹಳ್ಳಿ. ನಮ್ಮಪ್ಪ ಸೊಪ್ಪು ಬೆಳೆದು, ಬೆಳಗಿನ ಜಾವ ಸೈಕಲ್ಲಿನ ಮೇಲೆ ಹೊರೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ನಾವು ಹೆಣ್ಣುಮಕ್ಕಳು ಕಟ್ಟು ಕಟ್ಟುತ್ತಿದ್ದೆವು. ಆ ಸೊಪ್ಪಿನ ತೋಟ ಆಮೇಲೆ ಸೈಟುಗಳಾಯಿತು, ಸೈಟುಗಳು ಮೂರಂತಸ್ತಿನ ಮನೆಗಳಾದವು, ನನ್ನ ಅಣ್ಣಂದಿರು ಬಾಡಿಗೆ ಎಣಿಸುವವರಾದರು. ಉಳಿದಿದ್ದ ಕೊನೆಯ ತುಂಡು ಜಾಗ ಮಾರುವ ಹೊತ್ತಿಗೆ ಮಾತ್ರ ನಮ್ಮ ನೆನಪಾಯಿತು. ನಮ್ಮ ಕಡೆ ಒಂದು ಪದ್ಧತಿಯಿದೆ. ತಂಗಿಯನ್ನು ಮನೆಗೆ ಕರೆದು, ಊಟ ಹಾಕಿ, ಸೀರೆ ಕೊಟ್ಟು, “ಅರಿಶಿನ ಕುಂಕುಮಕ್ಕೆ ಇಟ್ಕೋಮ್ಮ” ಅಂತ ಒಂದು ಮೊತ್ತ ಕೈಗಿಟ್ಟು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಆಸ್ತಿಯಲ್ಲಿ ನನಗೇನೂ ಬೇಡ ಅಂತ ಸಹಿ ಹಾಕಿಸುವುದು. ಕೋಟಿಗಟ್ಟಲೆ ಜಾಗಕ್ಕೆ ನನಗೆ ಸಿಕ್ಕಿದ ಅರಿಶಿನ ಕುಂಕುಮ ಆರು ಲಕ್ಷ. ಹೋಳಿಗೆ ಚೆನ್ನಾಗಿತ್ತು, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಹೋಗಲಿ, ಆರು ಲಕ್ಷವಾದರೂ ನನ್ನದು ಅಂದುಕೊಂಡೆ. ಹುಟ್ಟಿದಾಗಿನಿಂದ ನನ್ನ ಹೆಸರಿನಲ್ಲಿ ಅಷ್ಟು ದುಡ್ಡು ಬಂದಿದ್ದು ಅದೇ ಮೊದಲು. ಚೆಕ್ಕು ತಂದು ದೇವರ ಮುಂದೆ ಇಟ್ಟೆ. ನಮ್ಮೆಜಮಾನರು ಅದನ್ನು ದೇವರ ಮುಂದಿನಿಂದಲೇ ಎತ್ತಿಕೊಂಡರು.

ಅವರು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಪದ್ಮನಾಭನಗರದ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಅವರದೊಂದು ಗುಂಪಿದೆ. ನಾಲ್ಕು ಸುತ್ತು ನಡೆಯುತ್ತಾರೆ, ನಲವತ್ತು ಸುತ್ತಿನಷ್ಟು ಮಾತಾಡುತ್ತಾರೆ. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಮ್ಯೂಚುವಲ್ ಫಂಡು. “ಬ್ಯಾಂಕಲ್ಲಿ ಇಟ್ರೆ ಇಲಿ ತಿಂದ ಹಾಗೆ ಸಾರ್” ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ತಲೆಯಾಡಿಸುತ್ತಾರೆ. ಯುಗಾದಿ ಕಳೆದು ಒಂದು ವಾರಕ್ಕೆ ನನ್ನ ಆರು ಲಕ್ಷವೂ ಹಾಗೇ ಶೇರುಗಳ ಫಂಡೊಂದಕ್ಕೆ ಹೋಯಿತು. ಹೆಸರು ನನ್ನದು, ಬ್ಯಾಂಕ್ ಖಾತೆ ನನ್ನದು, ಕಾಗದದ ಮೇಲಿನ ಸಹಿಯೂ ನನ್ನದೇ. ಫೋನ್ ನಂಬರ್ ಮಾತ್ರ ಅವರದು. “ನಿನಗ್ಯಾಕೆ ಈ ಓಟಿಪಿ ಗೀಟಿಪಿ ತಲೆನೋವು” ಅಂದರು. ನಾನೂ ಪರವಾಗಿಲ್ಲ ಅಂದೆ. ಕೋಡುಬಳೆ ಕರಿಯುವಾಗ ಫೋನು ಹಿಡಿಯುವುದಕ್ಕೆ ಆಗುತ್ತದೆಯೇ?

ಹೌದು, ಕೋಡುಬಳೆ. ಹತ್ತು ವರ್ಷಗಳಿಂದ ನಾನು ಮನೆಯಲ್ಲೇ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ ಮಾಡಿ ನಮ್ಮ ಮುಖ್ಯರಸ್ತೆಯ ಕಾಂಡಿಮೆಂಟ್ಸ್ ಅಂಗಡಿಗೆ ಕೊಡುತ್ತಿದ್ದೆ. ಅಂಗಡಿಯ ಒಡತಿ ಧಾರವಾಡದ ಕಡೆಯ ಅಕ್ಕ, ಹಣೆ ತುಂಬ ವಿಭೂತಿ. ಗಂಡ ಹೋದ ಮೇಲೆ ಒಬ್ಬಳೇ ನಿಂತು ಆ ಅಂಗಡಿ ನಡೆಸಿದವಳು. ಗಾಜಿನ ಮುಚ್ಚಳದ ಡಬ್ಬಗಳ ಸಾಲು, ಹಿಂದೆ ಚಿಕ್ಕ ಅಡುಗೆಕೋಣೆ, ದೊಡ್ಡ ಒಲೆ, ಎರಡು ಬಾಣಲೆ. ಸಂಜೆ ಐದಕ್ಕೆ ಬಿಸಿ ಕೋಡುಬಳೆ ಅಂತ ಜನ ನಿಂತಿರುತ್ತಿದ್ದರು. ಯಾರಾದರೂ ಹೊಗಳಿದರೆ ಅಕ್ಕ ತಾನು ಇಟ್ಟುಕೊಳ್ಳುತ್ತಿರಲಿಲ್ಲ. “ಇದು ಇಲ್ಲೇ ಹಿಂದಿನ ರಸ್ತೆದಾಗಿನ ತಂಗಿ ಮಾಡೂದ್ರೀ” ಅನ್ನುತ್ತಿದ್ದಳು.

ಸಂಕ್ರಾಂತಿ ಮುಗಿದು ಸ್ವಲ್ಪ ದಿನಕ್ಕೆ, ಖಾಲಿ ಡಬ್ಬ ತರಲು ಹೋದಾಗ ಅಕ್ಕ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು.

“ನೋಡವಾ, ನನ್ನ ಕೈಲಿ ಇನ್ನ ಆಗಂಗಿಲ್ಲ. ಒಲಿ ಮುಂದ ನಿಂತ್ರ ಮೊಣಕಾಲು ಕಿತ್ತು ಬರ್ತಾವ. ತಂಗಿ ಮನಿಗೆ ಹೊಂಟೀನಿ. ಅಂಗಡಿ ನೀ ತಗೋ.”

“ನಾನಾ?” ಅಂದೆ. ನಗು ಬಂತು.

“ಮತ್ತ ಯಾರು? ಗಿರಾಕಿ ಅದಾರ, ಒಲಿ ಐತಿ, ಲೈಸೆನ್ಸು ನಿನ್ನ ಹೆಸರಿಗೆ ಹೊಸದಾಗಿ ಮಾಡಿಸ್ಕೋಬೇಕು ಅಷ್ಟ. ಮಾಲಕನ ಕೂಡ ಮಾತಾಡೀನಿ. ಅಡ್ವಾನ್ಸು ಅಂವಗ ಕೊಡು, ಸಾಮಾನಿನ ದುಡ್ಡು ನನಗ ಕೊಡು. ಮೊಬೈಲ್ ಕವರ್ ಮಾರಾಂವ ಒಬ್ಬ ಕೇಳಾಕತ್ಯಾನ. ಶಿವರಾತ್ರಿ ತನಕ ತಡೀತೀನಿ ಅಂತ ಮಾಲಕ ಹೇಳ್ಯಾನ. ಅದರ ಮ್ಯಾಲೆ ಒಂದಿನಾ ತಡಿಯಂಗಿಲ್ಲ.”

ಅಡ್ವಾನ್ಸು, ಒಲೆ ಪಾತ್ರೆ, ಹಿಟ್ಟು ಕಲಸುವ ಯಂತ್ರ, ಬಣ್ಣ, ಮೊದಲ ತಿಂಗಳ ಎಣ್ಣೆ, ಬೇಳೆ ಎಲ್ಲ ಸೇರಿ ಆರೂಮುಕ್ಕಾಲು ಲಕ್ಷವಾಗುತ್ತಿತ್ತು. ಮನೆಗೆ ನಡೆದು ಬರುವಾಗ ನನಗೆ ಕಾಲು ನೆಲದ ಮೇಲಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ದಾರಿಯಲ್ಲೇ ಬೋರ್ಡಿಗೆ ಯಾವ ಬಣ್ಣ ಅಂತ ಯೋಚನೆ ಮಾಡಿದೆ. ಅರವತ್ತು ದಾಟಿದವಳಿಗೆ ಇದ್ದಕ್ಕಿದ್ದಂತೆ ಒಂದು ಆಸೆ ಬಂದುಬಿಟ್ಟರೆ ಅದನ್ನು ಎಲ್ಲಿಟ್ಟುಕೊಳ್ಳುವುದು ಅಂತಲೇ ತಿಳಿಯುವುದಿಲ್ಲ.

ನಮ್ಮೆಜಮಾನರಿಗೆ ಹೇಳಿದೆ. ಅವರು ಅಂಗಡಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೋನು ತೆಗೆದರು.

“ಈಗ ಎನ್‌ಎವಿ ನಲವತ್ತಾರು” ಅಂದರು.

ಎನ್‌ಎವಿ ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆ. ದಿನಕ್ಕೊಂದು ಸಲ, ಮಾರ್ಕೆಟ್ಟು ಮುಚ್ಚಿದ ಮೇಲೆ ಲೆಕ್ಕ ಹಾಕಿ ಹೇಳುತ್ತಾರೆ. ಇದನ್ನೆಲ್ಲ ನಾನು ಆ ಒಂದು ತಿಂಗಳಲ್ಲಿ ಬೇಡ ಬೇಡವೆಂದರೂ ಕಲಿತೆ. ನಲವತ್ತು ರೂಪಾಯಿಗೆ ಒಂದರಂತೆ ಹದಿನೈದು ಸಾವಿರ ಯೂನಿಟ್ಟು ನನ್ನದು. ನಲವತ್ತಾರರ ಲೆಕ್ಕದಲ್ಲಿ ಆರು ಲಕ್ಷದ ತೊಂಬತ್ತು ಸಾವಿರ.

“ಸರಿಯಾಗೇ ಇದೆಯಲ್ಲ! ತೆಗೀರಿ ಮತ್ತೆ” ಅಂದೆ.

“ಅಯ್ಯೋ ನಿನ್ನ! ಅಷ್ಟು ಸುಲಭಾನಾ? ವರ್ಷ ಆಗಿಲ್ಲ. ಒಂದು ವರ್ಷದೊಳಗೆ ತೆಗೆದ್ರೆ ಎಕ್ಸಿಟ್ ಲೋಡು ಒಂದು ಪರ್ಸೆಂಟ್ ಹಿಡ್ಕೋತಾರೆ. ಲಾಭದ ಮೇಲಲ್ಲ, ಪೂರ್ತಿ ದುಡ್ಡಿನ ಮೇಲೆ. ಆರು ಸಾವಿರದ ಒಂಬೈನೂರು ಹೋಯ್ತು. ಅದರ ಮೇಲೆ ಶಾರ್ಟ್ ಟರ್ಮ್ ಟ್ಯಾಕ್ಸು, ಲಾಭದಲ್ಲಿ ಇಪ್ಪತ್ತು ಪರ್ಸೆಂಟು, ಮೇಲೆ ಸೆಸ್ಸು. ಅದೊಂದು ಹದಿನೇಳು ಸಾವಿರ. ವರ್ಷ ದಾಟಿದ್ರೆ ಲೋಡೂ ಇಲ್ಲ, ಒಂದೂಕಾಲು ಲಕ್ಷದವರೆಗೆ ಲಾಭಕ್ಕೆ ಟ್ಯಾಕ್ಸೂ ಇಲ್ಲ. ಯುಗಾದಿ ಕಳೀಲಿ. ಕಾಯೋಣ ಕಣೇ.”

“ಅಂಗಡಿ ಯುಗಾದಿವರೆಗೆ ಕಾಯಲ್ಲ ರೀ. ಶಿವರಾತ್ರಿವರೆಗೆ ಅಂತ ಹೇಳಿದೀನಲ್ಲ.”

“ಅಂಗಡಿ ಬೇರೆ ಸಿಗತ್ತೆ. ಇಪ್ಪತ್ನಾಕು ಸಾವಿರ ಸುಮ್ನೆ ಸಿಗತ್ತಾ?”

ಲೆಕ್ಕ ತಪ್ಪಾಗಿರಲಿಲ್ಲ, ನನ್ನ ಕರ್ಮ ಅದೇ. ಲೆಕ್ಕ ತಪ್ಪಾಗಿದ್ದರೆ ಜಗಳವಾಡಬಹುದಿತ್ತು. ಇಪ್ಪತ್ತನಾಲ್ಕು ಸಾವಿರ ಸಂಪಾದಿಸಲು ಎಷ್ಟು ಕೋಡುಬಳೆ ಕರಿಯಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ದಿನ ನಾನೂ ಆ ಸಂಖ್ಯೆಯನ್ನು ತಲೆಯಲ್ಲಿ ಹೊತ್ತುಕೊಂಡು ಓಡಾಡಿದೆ. ಆಮೇಲೆ, ಆದದ್ದಾಗಲಿ, ಇಪ್ಪತ್ತನಾಲ್ಕು ಸಾವಿರ ಕಳೆದು ಉಳಿದದ್ದನ್ನು ಕೊಡಿ, ಸಾಲದ್ದಕ್ಕೆ ನನ್ನ ಚೀಟಿ ದುಡ್ಡಿದೆ ಅಂದೆ. ಅದಕ್ಕೆ ಅವರು ಫೋನಿನಲ್ಲಿ ಗೀಟುಗಳ ಒಂದು ಚಿತ್ರ ತೋರಿಸಿದರು. ಫಂಡು ಶುರುವಾದಾಗಿನಿಂದ ಎನ್‌ಎವಿ ಏರಿದ್ದು ಇಳಿದದ್ದು. ಒಂದು ಕಡೆ ಬೆರಳಿಟ್ಟರು.

“ನೋಡು, ದೀಪಾವಳಿ ಹೊತ್ತಿಗೆ ನಲವತ್ತೊಂಬತ್ತಕ್ಕೆ ಹೋಗಿತ್ತು. ಒಂದ್ಸಲ ಹೋಗಿದ್ದು ಮತ್ತೆ ಹೋಗೇ ಹೋಗತ್ತೆ. ನಲವತ್ತೊಂಬತ್ತಾಗಲಿ. ಕಣ್ಣಾರೆ ನೋಡಿದೀನಿ, ಕಡಿಮೆಗೆ ಹೆಂಗೆ ಕೊಡಲಿ?”

ಥೂ! ದೀಪಾವಳಿಯ ಬೆಲೆಯನ್ನು ತಾವು ದುಡಿದಿಟ್ಟ ಹಾಗೆ, ಈಗ ಯಾರೋ ಅದರಲ್ಲಿ ಮೂರು ರೂಪಾಯಿ ಕದ್ದ ಹಾಗೆ ಮಾತಾಡುತ್ತಿದ್ದರು. ಕೊಂಡದ್ದು ನಲವತ್ತಕ್ಕೆ ಅನ್ನುವುದೇ ಮರೆತುಹೋಗಿತ್ತು. ಪಾರ್ಕಿನವರೂ ಅದನ್ನೇ ಹೇಳಿದರಂತೆ. ನನ್ನ ಅರಿಶಿನ ಕುಂಕುಮದ ದುಡ್ಡು ಪಾರ್ಕಿನ ಕಲ್ಲುಬೆಂಚಿನ ಮೇಲೆ ಚರ್ಚೆಯಾಗುತ್ತಿತ್ತು. ಮಂಕಿಕ್ಯಾಪು ಹಾಕಿದ ನಾಲ್ಕು ಜನ ಗಂಡಸರು “ಮೇಡಂಗೆ ಸ್ವಲ್ಪ ತಾಳ್ಮೆ ಹೇಳಿ ಸಾರ್” ಅಂದರಂತೆ. ಅವರ ಹೆಂಡತಿಯರ ಮುಖ ನೆನೆದು ಅವರನ್ನು ಬೈಯದೆ ಬಿಟ್ಟೆ.

ನಮ್ಮೆಜಮಾನರನ್ನು ಮಾತ್ರ ನಾನು ಬಿಡಲಿಲ್ಲ. ದಿನಾ ಬೆಳಗ್ಗೆ ಕಾಫಿಯ ಜೊತೆ ಕೇಳಿದೆ, ಸಂಜೆ ಟೀಯ ಜೊತೆ ಕೇಳಿದೆ. ಕೊನೆಗೆ ಅವರಿಗೇ ಸಾಕಾಗಿ, “ನಡಿ, ಆಡಿಟರ್ ಹತ್ರ ಕೇಳೋಣ. ಅವರು ಹೇಳಿದ ಹಾಗೆ ಮಾಡೋಣ” ಅಂದರು. ಆಡಿಟರ್ ತಮ್ಮ ಪರವಾಗಿಯೇ ಹೇಳುತ್ತಾರೆ ಅಂತ ಇವರಿಗೆ ಧೈರ್ಯ.

ಜಯನಗರದಲ್ಲಿ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯ ಮಹಡಿಯ ಮೇಲೆ ಆ ಆಡಿಟರ್ ಆಫೀಸು. ಇವರ ಪೆನ್ಷನ್ ರಿಟರ್ನ್ಸ್ ಸಲ್ಲಿಸುವುದು ಅವರೇ. ಕೂದಲು ನೆರೆತ ಗಂಭೀರ ಮನುಷ್ಯ. ಇವರು ಕಾಲು ಗಂಟೆ ಎಲ್ಲ ಲೆಕ್ಕ ಒಪ್ಪಿಸಿದರು. ಹದಿನೇಳು ಸಾವಿರ ಟ್ಯಾಕ್ಸು ಅಂದಾಗ ಆಡಿಟರ್ ಕೈಯೆತ್ತಿ ನಿಲ್ಲಿಸಿದರು.

“ಒಂದ್ನಿಮಿಷ ಸಾರ್. ಫಂಡು ಯಾರ ಹೆಸರಲ್ಲಿದೆ?”

“ಇವಳ ಹೆಸರಲ್ಲಿ.”

“ದುಡ್ಡು ಯಾರದು?”

ನಮ್ಮೆಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಂದ್ರೆ, ಮನೆ ದುಡ್ಡು ಸಾರ್. ನಮ್ಮನೇದು.”

“ಹಾಗಲ್ಲ. ನೀವು ಕೊಟ್ಟ ದುಡ್ಡು ಅವರ ಹೆಸರಲ್ಲಿ ಹಾಕಿದ್ರೆ ಲಾಭ ನಿಮ್ಮ ಆದಾಯಕ್ಕೆ ಸೇರತ್ತೆ, ನೀವು ಹೇಳಿದಷ್ಟು ಟ್ಯಾಕ್ಸ್ ನೀವು ಕಟ್ಟಬೇಕು. ಅವರದೇ ಸ್ವಂತ ದುಡ್ಡಾದ್ರೆ ಲಾಭ ಅವರದು. ಅವರಿಗೆ ಬೇರೆ ಆದಾಯ ಏನಿದೆ?”

“ಕೋಡುಬಳೆ” ಅಂದೆ ನಾನು. “ತಿಂಗಳಿಗೆ ಖರ್ಚು ಕಳೆದು ನಾಲ್ಕೈದು ಸಾವಿರ ಉಳೀತದೆ.”

“ಅಷ್ಟೇ ಆದ್ರೆ ಟ್ಯಾಕ್ಸೇ ಇಲ್ಲಮ್ಮ. ಎಲ್ಲರಿಗೂ ಇಷ್ಟರವರೆಗೆ ಆದಾಯಕ್ಕೆ ತೆರಿಗೆ ಇಲ್ಲ ಅಂತ ಒಂದು ಮಿತಿ ಇರತ್ತೆ. ನಿಮ್ಮದು ಅದರಲ್ಲಿ ಬಹಳಷ್ಟು ಖಾಲಿನೇ ಇದೆ. ಈ ಲಾಭ ಪೂರ್ತಿ ಅದರೊಳಗೇ ಮುಗಿದುಹೋಗತ್ತೆ. ಶಾರ್ಟ್ ಟರ್ಮ್ ಆದ್ರೂ ಸೊನ್ನೆ. ಎಕ್ಸಿಟ್ ಲೋಡು ಮಾತ್ರ ಹೋಗತ್ತೆ.” ಆಮೇಲೆ ಇವರ ಕಡೆ ತಿರುಗಿದರು. “ಅದಕ್ಕೇ ಕೇಳಿದ್ದು ಸಾರ್. ದುಡ್ಡು ಯಾರದು?”

ನಾನು ನಮ್ಮೆಜಮಾನರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ದಿನ ಹೆಂಡತಿಯ ದುಡ್ಡಿಗೆ ಗಂಡನ ಟ್ಯಾಕ್ಸು ಹಾಕಿ ಲೆಕ್ಕ ಮಾಡುತ್ತಿದ್ದ ಮಹಾನುಭಾವರು. ಅಕೌಂಟ್ಸ್‌ನಲ್ಲಿ ಜೀವಮಾನ ಕಳೆದವರಿಗೆ ಇದು ತಿಳಿಯದೆ ಅಲ್ಲ. ದುಡ್ಡು ನನ್ನದು ಅನ್ನುವುದು ಅವರ ತಲೆಗೆ ಒಮ್ಮೆಯೂ ಹೊಳೆದಿರಲೇ ಇಲ್ಲ, ಅಷ್ಟೇ. ಈಗ ಬಾಯಿಬಿಟ್ಟು ಹೇಳಿದರೆ ಹದಿನೇಳು ಸಾವಿರ ಉಳಿಯುತ್ತದೆ, ಹೇಳದಿದ್ದರೆ ಕಟ್ಟಬೇಕು.

“ಇವಳದೇ” ಅಂದರು. ಹಲ್ಲು ಕೀಳಿಸಿಕೊಂಡವರ ಹಾಗೆ. “ತವರಿನವರು ಕೊಟ್ಟಿದ್ದು.”

ನಲವತ್ತು ವರ್ಷದ ಸಂಸಾರದಲ್ಲಿ ಇದು ನಿನ್ನದು ಅಂತ ಅವರ ಬಾಯಲ್ಲಿ ಬಂದಿದ್ದು ಅದೊಂದೇ ಸಲ. ಅದೂ ಆಡಿಟರ ಮುಂದೆ, ಟ್ಯಾಕ್ಸು ಉಳಿಸುವುದಕ್ಕೆ. ನನಗೆ ಸಂತೋಷವಾಗಬೇಕಿತ್ತು. ಅಸಹ್ಯವಾಯಿತು.

ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲೇ ಹೇಳಿದೆ. “ಈಗಾಯ್ತಲ್ಲ? ಟ್ಯಾಕ್ಸು ಇಲ್ಲ. ಏಳು ಸಾವಿರಕ್ಕೂ ಕಡಿಮೆ ಲೋಡು. ನಾಳೆ ತೆಗೀರಿ.”

“ಆಯ್ತು ಮಾರಾಯ್ತಿ, ತೆಗಿತೀನಿ” ಅಂದರು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಫೋನು ಹಿಡಿದು ಕೂತರು. ಮೂರು ಗಂಟೆಯೊಳಗೆ ಕೋರಿಕೆ ಹೋದರೆ ಆ ದಿನದ ಎನ್‌ಎವಿ ಸಿಗುತ್ತದೆ, ಆಮೇಲಾದರೆ ಮಾರನೆಯ ದಿನದ್ದು. ನಾನು ಕನ್ನಡಕ ತಂದುಕೊಟ್ಟೆ, ನೀರು ತಂದುಕೊಟ್ಟೆ. ಒಂದಷ್ಟು ಹೊತ್ತು ಒತ್ತಿದರು. “ಹೂಂ, ಆಯ್ತು. ಮೂರು ವರ್ಕಿಂಗ್ ಡೇ ಒಳಗೆ ನಿನ್ನ ಅಕೌಂಟಿಗೆ ಬರತ್ತೆ” ಅಂದರು. ನಾನು ಓಡಿಹೋಗಿ ಅಕ್ಕನಿಗೆ ಹೇಳಿದೆ. ಅಕ್ಕ ಡಬ್ಬದಿಂದ ಒಂದು ಬೆಲ್ಲದ ತುಂಡು ತೆಗೆದು ನನ್ನ ಬಾಯಿಗೆ ಹಾಕಿದಳು. ಮಾಲೀಕರಿಗೆ ಫೋನು ಮಾಡಿ, “ಆ ಮೊಬೈಲ್ ಹುಡುಗಗ ಇಲ್ಲ ಅಂತ ಹೇಳ್ರೀ” ಅಂದಳು.

ನಾನು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಹಾಕಿಸಿದೆ. ದುಡ್ಡು ಬಂದಿರಲಿಲ್ಲ. “ಎರಡನೇ ಶನಿವಾರ ಬಂತಲ್ಲ, ಮಧ್ಯೆ ರಜ” ಅಂದರು ನಮ್ಮೆಜಮಾನರು. ಮತ್ತೆ ಹೋದೆ. ಬಂದಿರಲಿಲ್ಲ. “ಅವರ ಕಡೆ ಏನೋ ಸರ್ವರ್ ಡೌನಂತೆ” ಅಂದರು. ಶಿವರಾತ್ರಿಗೆ ಎರಡು ದಿನವಿತ್ತು. ಅಕ್ಕ ಎರಡು ಸಲ ಹೇಳಿಕಳಿಸಿದ್ದಳು. ನಾನು ಮೂರನೆಯ ಸಲ ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದ ಹೆಣ್ಣುಮಗಳು, “ಆಂಟಿ, ರಿಡೀಮ್ ಮಾಡಿದ, ಅಂದ್ರೆ ಫಂಡಿಂದ ದುಡ್ಡು ತೆಗೆದ ಮೆಸೇಜು ಬಂದಿರತ್ತೆ ನೋಡಿ, ಅದರಲ್ಲಿ ನಂಬರ್ ಇರತ್ತೆ, ತಂದ್ರೆ ವಿಚಾರಿಸಬಹುದು” ಅಂದಳು.

ಮನೆಗೆ ಬಂದು ಮೆಸೇಜು ತೋರಿಸಿ ಅಂದೆ. ಅವರು ತಟ್ಟೆ ಮುಂದೆ ಕೂತಿದ್ದರು. ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ಒತ್ತಿಲ್ಲ ಕಣೇ” ಅಂದರು.

“ಏನು ಒತ್ತಿಲ್ಲ?”

“ಕೊನೇದು ಒತ್ತಿಲ್ಲ. ಎಲ್ಲಾ ತುಂಬಿಸ್ದೆ. ಆದ್ರೆ ಆ ದಿನ ಮಾರ್ಕೆಟ್ ಬೀಳ್ತಾ ಇತ್ತು. ನಾವು ಒತ್ತೋದು ಮಧ್ಯಾಹ್ನ, ಬೆಲೆ ಹೇಳೋದು ರಾತ್ರಿ. ಎಷ್ಟಕ್ಕೆ ಮಾರ್ತಿದೀನಿ ಅಂತಾನೇ ಗೊತ್ತಿಲ್ದೆ ಹೆಂಗೆ ಮಾರೋದು? ನಾಳೆ ನೋಡೋಣ ಅನ್ಕೊಂಡೆ. ನಾಳೆ ಇನ್ನೂ ಇಳೀತು. ಇಳಿದಾಗ ಕೊಡಕ್ಕಾಗತ್ತಾ?”

“ಮತ್ತೆ ಆಯ್ತು ಅಂದ್ರಲ್ಲ?”

“ನೀನು ತಲೆ ತಿಂತಿದ್ದೆ” ಅಂದು ಮುದ್ದೆ ಮುರಿದು ಸಾರಿಗೆ ಅದ್ದಿದರು.

ಅಲ್ಲೇ ನಿಂತಿದ್ದೆ. ಸಿಟ್ಟು ಬಂದಿದ್ದರೆ ತಟ್ಟೆ ಎತ್ತಿ ಎಸೆಯುತ್ತಿದ್ದೆನೇನೋ. ಸಿಟ್ಟು ಬರಲಿಲ್ಲ. ಹಳಸಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದಾಗ ಆಗುತ್ತದಲ್ಲ, ಹಾಗಾಯಿತು. ಸುಳ್ಳು ಹೇಳಿದ್ದಕ್ಕಲ್ಲ, ಗಂಡಸರು ಸುಳ್ಳು ಹೇಳುವುದನ್ನು ನಾನು ಕಾಣದವಳೇನಲ್ಲ. ಮೂರು ಸಲ ನಾನು ಬಿಸಿಲಿನಲ್ಲಿ ಬ್ಯಾಂಕಿಗೆ ನಡೆದು ಹೋಗುವುದನ್ನು ಈ ಮನುಷ್ಯ ಇದೇ ಕುರ್ಚಿಯಲ್ಲಿ ಕೂತು ನೋಡಿದ್ದಾರೆ. ಒಂದು ಸಲ ಛತ್ರಿ ತಗೊಂಡು ಹೋಗು ಅಂತಲೂ ಹೇಳಿದ್ದರು.

ನಿಜ ಹೊರಬಿದ್ದ ಆ ದಿನವೇ ಒತ್ತಿದ್ದರೂ ಶಿವರಾತ್ರಿಯೊಳಗೆ ದುಡ್ಡು ಕೈಗೆ ಬರುತ್ತಿರಲಿಲ್ಲ. ನಾನು ಅಕ್ಕನ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಅಕ್ಕ ಬೈಯಲಿಲ್ಲ. “ನನ್ನ ಸಾಮಾನಿನ ದುಡ್ಡಿಗೆ ನಾ ತಡೀತೀನವಾ, ಮಾಲಕ ತಡಿಯಂಗಿಲ್ಲ” ಅಂದಳು. ನನ್ನೆದುರಿಗೇ ಅವನಿಗೆ ಫೋನು ಮಾಡಿ ಒಂದು ವಾರ ಕೊಡ್ರೀ ಅಂತ ಬೇಡಿಕೊಂಡಳು. ಅವನು, ಮೊದಲೇ ಮೊಬೈಲಿನವನಿಗೆ ಇಲ್ಲ ಅಂದು ಮುಖ ಕೆಡಿಸಿಕೊಂಡಿದ್ದೇನೆ, ಇನ್ನು ಹೆಂಗಸರ ಮಾತು ನಂಬಲ್ಲ ಅಂದನಂತೆ. ಹೆಂಗಸರ ಮಾತು! ಮೈಯೆಲ್ಲ ಉರಿದುಹೋಯಿತು.

ಶಿವರಾತ್ರಿಯ ಮಾರನೆಯ ದಿನ ಅಂಗಡಿ ಖಾಲಿಯಾಯಿತು. ಒಲೆಯನ್ನೂ ಬಾಣಲೆಗಳನ್ನೂ ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಅಕ್ಕ ಹೊರಡುವಾಗ ನನಗೊಂದು ಝಾರಿ ಕೊಟ್ಟಳು, ಉದ್ದ ಹಿಡಿಯದ್ದು, ಕೋಡುಬಳೆ ಎತ್ತುವುದಕ್ಕೆ. “ಇಟ್ಕೊಳವಾ” ಅಂದಳು. ನಾನು ಅಲ್ಲೇ ರಸ್ತೆಯಲ್ಲೇ ಅತ್ತೆ. ಅಂಗಡಿ ಹೋಯಿತು, ಕೋಡುಬಳೆ ಕೊಡಲು ಜಾಗವೂ ಹೋಯಿತು.

ಯುಗಾದಿ ಬಂತು. ಹೋಳಿಗೆ ಮಾಡಲಿಲ್ಲ. ಅದಾಗಿ ಮೂರು ವಾರಕ್ಕೆ ಒಂದು ಬೆಳಗ್ಗೆ ನಮ್ಮೆಜಮಾನರು ಪಾರ್ಕಿನಿಂದ ದಾಪುಗಾಲು ಹಾಕಿಕೊಂಡು ಬಂದರು. ಮುಖದಲ್ಲಿ ಅದೇನು ಕಳೆ!

“ಏನೇ, ಬಾ ಇಲ್ಲಿ. ವರ್ಷ ದಾಟಿತು. ಲೋಡು ಸೊನ್ನೆ. ಎನ್‌ಎವಿ ನಲವತ್ತೆಂಟು! ಏಳು ಲಕ್ಷದ ಇಪ್ಪತ್ತು ಸಾವಿರ ಆಗಿದೆ. ಅವತ್ತು ತೆಗೆದಿದ್ರೆ ಲೋಡು ಕಳೆದು ಆರು ಎಂಬತ್ಮೂರು ಬರ್ತಿತ್ತು. ಮೂವತ್ತೇಳು ಸಾವಿರ ಕಣೇ! ನೋಡ್ದಾ, ಕಾದಿದ್ದಕ್ಕೆ?”

ಅವರ ಮಾತು ನಿಜ. ಇದನ್ನು ಬರೆಯುವಾಗಲೂ ನನ್ನ ಬಾಯಿ ಕಹಿಯಾಗುತ್ತದೆ, ಆದರೆ ನಿಜ. ಬೆಲೆ ಏರಿತ್ತು, ಲೋಡು ತಪ್ಪಿತ್ತು, ಲೆಕ್ಕದಲ್ಲಿ ಅವರೇ ಗೆದ್ದಿದ್ದರು. ಅವರ ಮುಖದಲ್ಲಿ ಅಂಗಡಿಯ ನೆನಪು ಒಂದು ಚೂರೂ ಇರಲಿಲ್ಲ. ನನಗೆ ಹುಡುಕಬೇಕು ಅನ್ನಿಸಿ ಹುಡುಕಿದೆ. ಇರಲಿಲ್ಲ.

“ಸರಿ, ಈಗ ತೆಗೀರಿ” ಅಂದೆ, ಸುಮ್ಮನೆ, ಏನು ಹೇಳುತ್ತಾರೆ ನೋಡೋಣ ಅಂತ.

“ಈಗಾ? ಇನ್ನೊಂದೇ ರೂಪಾಯಿ. ನಲವತ್ತೊಂಬತ್ತಾಗಲಿ.”

ನಾನು ಒಲೆ ಆರಿಸಿ, ಸೀರೆ ಬದಲಿಸಿ, ಆಧಾರ್ ಕಾರ್ಡೂ ಪಾಸ್‌ಬುಕ್ಕೂ ಚೀಲಕ್ಕೆ ಹಾಕಿಕೊಂಡು, ಸೊಪ್ಪು ತರ್ತೀನಿ ಅಂತ ಹೇಳಿ ಬಸ್ಸು ಹತ್ತಿದೆ. ಮೊದಲು ಆಡಿಟರ ಹತ್ತಿರ ಹೋದೆ. “ಸಾರ್, ನನ್ನ ದುಡ್ಡು ನಾನೇ ತೆಗೀಬೇಕು. ಫೋನು ಅವರ ಹತ್ರ ಇದೆ” ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು.

“ಫೋನು ಯಾಕಮ್ಮ ಬೇಕು? ಒಬ್ಬರ ಹೆಸರಲ್ಲೇ ಇದೆ, ನಿಮ್ಮ ಸಹಿ ಸಾಕು. ಇಲ್ಲೇ ಮುಂದಿನ ರಸ್ತೇಲಿ ಫಂಡಿನವರ ಸರ್ವೀಸ್ ಸೆಂಟರ್ ಇದೆ. ಸ್ಲಿಪ್ ತುಂಬಿ ಮೂರು ಗಂಟೆಯೊಳಗೆ ಕೊಡಿ. ದುಡ್ಡು ನಿಮ್ಮ ಖಾತೆಗೇ ಹೋಗತ್ತೆ, ಬೇರೆಲ್ಲೂ ಹೋಗಲ್ಲ.”

ನನ್ನ ಸಹಿ ಸಾಕು! ಶಿವರಾತ್ರಿಗೆ ಮುಂಚೆಯೂ ಅಷ್ಟೇ ಸಾಕಿತ್ತು. ಆಡಿಟರ್ ಆಫೀಸಿನಲ್ಲಿ ಅವತ್ತು ಅದನ್ನು ಯಾರೂ ಕೇಳಿರಲಿಲ್ಲ, ಮನೆಯಲ್ಲಿ ಗೊತ್ತಿದ್ದವರು ಹೇಳಿರಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಣ್ಣಂದಿರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಹಾಕಿದ ಅದೇ ಸಹಿಯನ್ನು ಇಲ್ಲಿ ನಾನೇ ಜಾಗ ನೋಡಿ ಹಾಕಿದೆ. ಕೌಂಟರಿನ ಹುಡುಗಿ, “ಎಲ್ಲಾ ಯೂನಿಟ್ಟೂನಾ ಆಂಟಿ?” ಅಂದಳು. ಎಲ್ಲಾ ಅಂದೆ. ಸಮಯದ ಮುದ್ರೆ ಒತ್ತಿ ಅರ್ಧ ಹರಿದು ಕೊಟ್ಟಳು. ಬರುವಾಗ ನಾಲ್ಕು ಕಟ್ಟು ದಂಟಿನ ಸೊಪ್ಪು ಕೊಂಡೆ, ಹೇಳಿದ ಮಾತು ಸುಳ್ಳಾಗಬಾರದು ನೋಡಿ.

ಮನೆ ಗೇಟು ತೆಗೆಯುವಷ್ಟರಲ್ಲಿ ನಮ್ಮೆಜಮಾನರು ಹೊರಗೇ ನಿಂತಿದ್ದರು, ಕೈಯಲ್ಲಿ ಫೋನು. ಮೆಸೇಜು ಹೋಗುವುದು ಅವರ ನಂಬರಿಗೇ ತಾನೆ.

“ಏನೇ ಇದು! ರಿಡೆಂಪ್ಷನ್ ರಿಕ್ವೆಸ್ಟ್ ಅಂತ ಬಂದಿದೆ. ಯಾರು ಮಾಡಿದ್ದು?”

“ನಾನು.”

“ಎಷ್ಟು ಯೂನಿಟ್ಟು?”

“ಎಲ್ಲಾ.”

“ಮಾರ್ಕೆಟ್ ಎಷ್ಟಿತ್ತು ಆಗ? ಯಾವ ಎನ್‌ಎವಿಗೆ ಬರತ್ತೆ ಅಂತ ನೋಡಿದ್ಯಾ?”

“ನೋಡ್ಲಿಲ್ಲ.”

“ನೋಡ್ಲಿಲ್ವಾ!” ಅವರು ಗೇಟು ಹಿಡಿದುಕೊಂಡರು. ಅಂಗಡಿ ಹೋದ ದಿನ ಮುದ್ದೆ ಮುರಿದು ಉಂಡ ಮನುಷ್ಯ ಅವತ್ತು ಊಟ ಬಿಟ್ಟರು. ಆ ದಿನದ ಬೆಲೆ ಬರುವವರೆಗೂ ಫೋನು ಉಜ್ಜುತ್ತ ಕೂತಿದ್ದರು. ಅದು ಎಷ್ಟೆಂದು ಅವರಿಗೆ ಗೊತ್ತು. ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ದುಡ್ಡು ಹೇಳಿದ ಹೊತ್ತಿಗೆ ಖಾತೆಗೆ ಬಂತು. ನಾನು ಪಾಸ್‌ಬುಕ್ ಹಾಕಿಸಿಕೊಂಡು ಮುಖ್ಯರಸ್ತೆಯಲ್ಲಿ ನಡೆದು ಬಂದೆ. ನಮ್ಮ ಅಂಗಡಿಯಲ್ಲಿ, ಡಬ್ಬಗಳಿದ್ದ ಕಡೆಯೆಲ್ಲ, ಬಣ್ಣಬಣ್ಣದ ಮೊಬೈಲ್ ಕವರು ನೇತಾಡುತ್ತಿದ್ದವು. ಸಂಜೆ ಐದಾಗಿತ್ತು. ವಯಸ್ಸಾದವರೊಬ್ಬರು ಚೀಲ ಹಿಡಿದು ಬಂದು, ಒಳಗೆ ಇಣುಕಿ, ಹಾಗೇ ಹೊರಟುಹೋದರು.

“ಬ್ಯಾಂಕಲ್ಲಿ ಸುಮ್ನೆ ಕೊಳೀತಿದೆಯಲ್ಲೇ ದುಡ್ಡು” ಅಂತ ನಮ್ಮೆಜಮಾನರು ವಾರ ತಡೆದು ಕೇಳಿದರು. “ಅಂಗಡಿನೂ ಇಲ್ಲ, ಏನೂ ಇಲ್ಲ. ಮತ್ಯಾಕೆ ತೆಗೆದೆ?”

ನಾನು ಅಕ್ಕ ಕೊಟ್ಟ ಝಾರಿಯನ್ನು ಬೂದಿ ಹಾಕಿ ತಿಕ್ಕುತ್ತಿದ್ದೆ. ತಲೆಯೆತ್ತಲಿಲ್ಲ.

“ಯಾರ ದುಡ್ಡು ಅಂತ ಆಡಿಟರ್ ಕೇಳಿದಾಗ ಏನಂದ್ರಿ?” ಅಂದೆ.

ಅವರು ಫೋನು ಎತ್ತಿಕೊಂಡು ಪಾರ್ಕಿಗೆ ಹೊರಟರು. ‘ಇವಳದೇ’ ಅನ್ನುವುದಕ್ಕೆ ಟ್ಯಾಕ್ಸು ಉಳಿಸುವ ಪ್ರಶ್ನೆ ಈಗ ಇರಲಿಲ್ಲವಲ್ಲ.